ಇತಿಹಾಸ, ಇಪ್ಪತ್ತು ಪುಟ

ಗ್ರಂಥಾಲಯದ ಮುಸರತ್ ಮೇಡಂ ಎಂದರೆ ಊರಿನವರಿಗೆ ಮೊದಲು ನೆನಪಾಗುತ್ತಿದ್ದದ್ದು ಅವಳ ಸಿಟ್ಟು. ಪುಸ್ತಕಗಳು ಆಮೇಲೆ. ಪೇಪರಿನ ಹಾಳೆ ಹರಿದವನಿಗೆ ಬೈದಿದ್ದಳು, ಕಪಾಟಿನ ಮೇಲೆ ಎಲೆಯಡಿಕೆ ಚೀಲ ಇಟ್ಟವನಿಗೆ ಬೈದಿದ್ದಳು. ಸಭೆಗೆಂದು ಪಂಚಾಯಿತಿಯವರು ಒಯ್ದ ಆರು ಕುರ್ಚಿಗಳಲ್ಲಿ ನಾಲ್ಕೇ ವಾಪಸ್ ಬಂದಾಗ, ಅಧ್ಯಕ್ಷರ ಮನೆ ಬಾಗಿಲಿಗೇ ಹೋಗಿ, ಊಟಕ್ಕೆ ಕೂತಿದ್ದ ಅವರನ್ನೇ ಎಬ್ಬಿಸಿ ಕುರ್ಚಿ ತಂದಿದ್ದಳು. ಅದು ಗ್ರಂಥಾಲಯದ್ದೇ ಆಗಿತ್ತು, ಹಿಂಬದಿಗೆ ಅವಳೇ ಬಣ್ಣದಲ್ಲಿ ಬರೆದ ನಂಬರ್ ಇತ್ತು.

ಊರು ಗೊರೇಬಾಳದಿಂದ ಒಳಗೆ, ಕಾಲುವೆಯ ದಂಡೆಗೆ. ಮುಸರತ್ ಅಲ್ಲಿಗೆ ಸೊಸೆಯಾಗಿ ಬಂದವಳು. ಹುಟ್ಟಿದ್ದು ಲಿಂಗಸುಗೂರಿನಲ್ಲಿ. ತಂದೆ ಇಸ್ಮಾಯಿಲ್‌ಸಾಬ್ ಓಣಿ ಓಣಿ ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಸ್ಟೀಲು ಬಂದ ಮೇಲೆ ಆ ಕೆಲಸ ನಿಂತಿತು, ಮಗಳ ಓದು ಮಾತ್ರ ಪಿಯುಸಿಯ ತನಕ ನಡೆಯಿತು. ಗಂಡ ಅಜೀಮ್‌ನದು ಗೊರೇಬಾಳದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ. ಗ್ರಂಥಾಲಯದ ಮೇಲ್ವಿಚಾರಕಿ ಎಂಬ ಹುದ್ದೆ ಸಿಕ್ಕಾಗ ಅವಳಿಗೆ ಇಪ್ಪತ್ತಾರು ವರ್ಷ. ಈಗ ನಲವತ್ತೈದು. ಇಷ್ಟು ವರ್ಷದಲ್ಲಿ ಗೋಡೆಯ ಬಣ್ಣ ಬದಲಾಯಿತು, ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಬಂತು, ಒಂದು ಕಂಪ್ಯೂಟರೂ ಬಂತು. ಊರ ಮಂದಿ ಮಾತ್ರ ಇವತ್ತಿಗೂ ಅದನ್ನು ‘ಪೇಪರ್ ಓದೋ ರೂಮು’ ಎಂದೇ ಕರೆಯುತ್ತಿದ್ದರು. ಅದಕ್ಕೂ ಅವಳಿಗೆ ಸಿಟ್ಟಿತ್ತು.

ಎಲ್ಲಕ್ಕಿಂತ ದೊಡ್ಡ ಸಿಟ್ಟು ಬರುತ್ತಿದ್ದದ್ದು ದಸರಾ ರಜೆ ಮುಗಿದ ಮೇಲೆ. ಆಗ ಹೈಸ್ಕೂಲಿನ ಮಕ್ಕಳು ಪ್ರಾಜೆಕ್ಟಿನ ಚೀಟಿ ಹಿಡಿದು ಸಾಲಾಗಿ ಬರುತ್ತಿದ್ದರು. ಒಂದು ಚೀಟಿಯಲ್ಲಿ ‘ಪರಿಸರ’ ಎಂದಿರುತ್ತಿತ್ತು, ಇನ್ನೊಂದರಲ್ಲಿ ‘ವಿಜ್ಞಾನ’. ಒಮ್ಮೆ ಒಬ್ಬ ಹುಡುಗನ ಚೀಟಿಯಲ್ಲಿ ಬರೀ ‘ಭಾರತ’ ಎಂದಿತ್ತು. ಮುಸರತ್ ಕಪಾಟು ತೋರಿಸಿ, “ಇದರಾಗ ಯಾವುದು ಭಾರತ ಅಲ್ಲ, ಅದನ್ನಷ್ಟು ಬಿಟ್ಟು ಉಳಿದದ್ದು ಒಯ್ಯಿ” ಎಂದಿದ್ದಳು. ಹುಡುಗ ನಿಜಕ್ಕೂ ಹುಡುಕತೊಡಗಿದ್ದ.

ಈ ಸಲ ಬಂದವಳು ಸುಕನ್ಯಾ. ಒಂಬತ್ತನೇ ಕ್ಲಾಸು, ತೆಳ್ಳಗಿನ ಹುಡುಗಿ. ಗದ್ದೆಯಲ್ಲಿ ನೆಲ್ಲು ಹಚ್ಚುವ, ಅಂದರೆ ಭತ್ತದ ನಾಟಿಯ, ಕೂಲಿಗೆ ಹೋಗುವ ಅಮರಮ್ಮನ ಮಗಳು. ಮಟಮಟ ಮಧ್ಯಾಹ್ನ. ಮುಸರತ್ ಆಗ ತಾನೇ, ಕಂಪ್ಯೂಟರ್ ಯಾಕೆ ಉಪಯೋಗವಾಗುತ್ತಿಲ್ಲ ಎಂದು ಮೇಲಿನವರು ಕಳಿಸಿದ್ದ ಪತ್ರ ಓದಿ ಮುಗಿಸಿದ್ದಳು. ಆ ಕೋಣೆಯಲ್ಲಿ ಕರೆಂಟು ಇಲ್ಲದೆ ಹನ್ನೊಂದು ದಿನ ಆಗಿತ್ತು.

“ಮೇಡಂ, ಇತಿಹಾಸದ ಬಗ್ಗೆ ಹೇಳ್ರಿ” ಎಂದಳು ಹುಡುಗಿ.

“ಏನು?”

“ಇತಿಹಾಸದ ಬಗ್ಗೆರೀ. ಪ್ರಾಜೆಕ್ಟ್ ಐತಿ. ಇಪ್ಪತ್ತು ಪುಟ.”

ಚೀಟಿಯಲ್ಲಿ ಅಷ್ಟೇ ಇತ್ತು: ‘ಇತಿಹಾಸ. 20 ಪುಟ. ಚಿತ್ರ ಅಂಟಿಸಬೇಕು.’ ಮುಸರತ್‌ಳ ಬಾಯಿಗೆ ತಡೆಯೇ ಇರಲಿಲ್ಲ. “ಯಾವ ಇತಿಹಾಸ? ಯಾವ ಊರಿಂದು? ಯಾವ ಕಾಲದ್ದು? ಯಾರದ್ದು? ನಿನಗ ಗೊತ್ತಿಲ್ಲ, ನಿಮ್ಮ ಸರ್‌ಗೂ ಗೊತ್ತಿಲ್ಲ, ನನಗೆಂಗ ಗೊತ್ತಾಗತೈತಿ ಬೇ? ಅಂಗಡಿಗೆ ಹೋಗಿ ‘ಸಾಮಾನು ಕೊಡ್ರಿ’ ಅಂದಂಗಾತು! ಹೋಗು, ಯಾವುದಂತ ಕೇಳ್ಕೊಂಡು ಬಾ!”

ಓದುತ್ತ ಕೂತಿದ್ದ ಮೂವರು ಗಂಡಸರು ಪೇಪರಿನಿಂದ ತಲೆ ಎತ್ತಿದರು. ಒಬ್ಬ ನಕ್ಕ. ಸುಕನ್ಯಾ ಚೀಟಿಯನ್ನು ಅಲ್ಲೇ ಬಿಟ್ಟು ಹೋದಳು.

ಆ ಹುಡುಗಿ ಸರ್‌ ಹತ್ತಿರ ಹೋಗಿ ಕೇಳುವವಳಲ್ಲ ಎಂಬುದು ಮುಸರತ್‌ಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವಳು ಚೀಟಿಯನ್ನು ಮಡಚಿ, ಕರೆಂಟಿನವರಿಗೆ ಫೋನ್ ಹಚ್ಚಿ ಅವರಿಗೂ ಬೈದಳು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಗ್ರಂಥಾಲಯದ ಬೀಗ ತೆಗೆಯುವ ಮೊದಲೇ ಬಾಗಿಲ ಮುಂದೆ ಅಮರಮ್ಮ ನಿಂತಿದ್ದಳು. ಸೀರೆ ಎತ್ತಿ ಕಟ್ಟಿ, ಮೇಲೆ ಗಂಡಸರ ಅಂಗಿ ತೊಟ್ಟು, ಗದ್ದೆಗೆ ಹೊರಟ ವೇಷದಲ್ಲೇ ಬಂದಿದ್ದಳು. ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಅವಳನ್ನು ಬಿಟ್ಟು ಹೋಗಿತ್ತು, ಅಂದರೆ ಆ ದಿನದ ಕೂಲಿ ಹೋಗಿತ್ತು.

“ನೀವು ಏನು ಕೆಲಸಕ್ಕ ಕುಂತೀರಿ ಇಲ್ಲಿ?” ಎಂದಳು. ನಮಸ್ಕಾರವಿಲ್ಲ, ಏನಿಲ್ಲ.

ಮುಸರತ್‌ಗೆ ಈ ಧಾಟಿಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ. “ಏನಾತು ಅಮರಮ್ಮ?”

“ನನ್ನ ಮಗಳು ಎರಡು ದಿನದಿಂದ ಸಾಲಿಗಿ ಹೋಗವಲ್ಲಳು. ಮುಖ ಮುಚ್ಚಿಕೊಂಡು ಬಿದ್ದಾಳ. ನಿಮ್ಮ ಹಂತ್ಯಾಕ ಕೇಳಾಕ ಬಂದಿದ್ಲಂತ. ಗಂಡಸರ ಮುಂದ ಬೈದು ಕಳಿಸಿದ್ರಂತ. ಆಕಿ ಸಿಂಧನೂರಿಗಿ ಹೋಗಿ ಯಾವುದೋ ಅಂಗಡ್ಯಾಗ ಬರೆದಿಟ್ಟದ್ದು ತಂದ್ಲು, ಕೊಟ್ಲು. ಸರ್ ಅದನ್ನ ಕ್ಲಾಸಿನಾಗ ಎಲ್ಲಾರ ಮುಂದ ಓದಿ ನಗಿಸ್ಯಾರ. ನನಗ ಅಕ್ಷರ ಬರಂಗಿಲ್ಲ, ಅದಕ್ಕ ನಿಮ್ಮ ಹಂತ್ಯಾಕ ಕಳಿಸಿದ್ದೆ. ನನಗ ಬರ್ತಿದ್ರ ನಿಮ್ಮ ಬಾಗಿಲಿಗಿ ಯಾಕ ಬರ್ತಿದ್ಲು?”

ವಿಷಯ ತಿಳಿಯಿತು. ಸಿಂಧನೂರಿನ ಆ ಪ್ರಿಂಟಿನ ಅಂಗಡಿಯಲ್ಲಿ ‘ಇತಿಹಾಸ’ ಎಂದರೆ ಇಪ್ಪತ್ತು ಪುಟ ತಯಾರಿರುತ್ತಿತ್ತು. ಮೊದಲು ಮಸ್ಕಿಯ ಶಾಸನ, ನಡುವೆ ವಿಜಯನಗರ, ಕೊನೆಗೆ ಸ್ವಾತಂತ್ರ್ಯ. ಎಲ್ಲಿಂದಲೋ ಇಳಿಸಿಕೊಂಡದ್ದು. ಏಳನೇ ಪುಟದ ಕೆಳಗೆ ‘ಹೆಚ್ಚಿನ ಮಾಹಿತಿಗಾಗಿ ಇಲ್ಲಿ ಕ್ಲಿಕ್ ಮಾಡಿ’ ಎಂಬ ಸಾಲು ಹಾಗೇ ಉಳಿದಿತ್ತು. ಸಮಾಜ ವಿಜ್ಞಾನದ ಶಿವಪ್ರಸಾದ ಸರ್ ಹಾಳೆಯ ಮೇಲೆ ಬೆರಳು ಒತ್ತಿ, “ಎಲ್ಲಿ ಕ್ಲಿಕ್ ಮಾಡ್ಲೆವಾ?” ಎಂದು ಕೇಳಿದರಂತೆ. ಕ್ಲಾಸು ಹೊಟ್ಟೆ ಹಿಡಿದು ನಕ್ಕಿತಂತೆ. ಅದೇ ಅಂಗಡಿಯ ಅದೇ ಪುಟಗಳನ್ನು ಇನ್ನೂ ಹನ್ನೊಂದು ಮಕ್ಕಳು ತಂದಿದ್ದರು. ಕಟ್ಟಿನಲ್ಲಿ ಮೇಲಿದ್ದದ್ದು ಸುಕನ್ಯಾಳದು.

ಅಮರಮ್ಮ ಹೋದ ಮೇಲೆ ಮುಸರತ್ ಕುರ್ಚಿಯಲ್ಲಿ ಕೂತಳು. ಸಿಟ್ಟು ನೆತ್ತಿಗೇರಿತ್ತು, ಆದರೆ ಯಾರ ಮೇಲೆ ಹಾಕುವುದೋ ತಿಳಿಯಲಿಲ್ಲ. ಶಿವಪ್ರಸಾದನ ಮೇಲೆ ಹಾಕಿದಳು, ಅಂಗಡಿಯವನ ಮೇಲೆ ಹಾಕಿದಳು. ಸ್ವಲ್ಪ ಹೊತ್ತು ಅವರಿಬ್ಬರೂ ಸಾಕಾದರು. ಆಮೇಲೆ ಸಾಕಾಗಲಿಲ್ಲ. ಯಾವ ಊರು, ಯಾವ ಕಾಲ, ಯಾರದು ಎಂದು ತಾನು ಅಂದು ಕೇಳಿದ ಪ್ರಶ್ನೆಗಳು ಸರಿಯಾದವೇ. ಕೇಳಿದ್ದು ಮಾತ್ರ ಉತ್ತರಕ್ಕಲ್ಲ, ಓಡಿಸುವುದಕ್ಕೆ.

ಸಂಜೆ ಬೀಗ ಹಾಕಿ ನೇರವಾಗಿ ಅಮರಮ್ಮನ ಮನೆಗೆ ನಡೆದಳು. ಅಮರಮ್ಮ ಕಟ್ಟೆಯ ಮೇಲೆ ಕೇರುವ ಮರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಕೂಡ್ರಿ ಎನ್ನಲಿಲ್ಲ. ಮುಸರತ್ ತಾನೇ ಕೂತಳು. ಸುಕನ್ಯಾ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತಳು.

“ತಪ್ಪು ನಂದು” ಎಂದಳು ಮುಸರತ್. ಆ ಮಾತು ಅವಳ ಬಾಯಿಂದ ಬಹಳ ಒರಟಾಗಿ ಬಂತು, ಅದೂ ಬೈದ ಹಾಗೇ ಕೇಳಿಸಿತು. “ಈಗ ಹೇಳು. ಸರ್ ಮತ್ತ ಮಾಡ್ಕೊಂಡು ಬಾ ಅಂದಾರನು?”

“ಹತ್ತು ದಿನ ಕೊಟ್ಟಾರ್ರೀ.”

“ಬಾಯಿಲೆ ಏನರ ಹೇಳ್ಯಾರನು, ಚೀಟ್ಯಾಗ ಇಲ್ಲದ್ದು? ಇದನ್ನ ಬರಿ, ಇದನ್ನ ಬಿಡು ಅಂತ?”

“ಸ್ವಂತ ಬರೀಬೇಕಂತ. ಮತ್ತೇನಿಲ್ರಿ.”

“ಸರಿ. ಹಂಗಾದ್ರ ಯಾವ ಕಾಲದ್ದು ಬರೀತಿ?”

ಹುಡುಗಿ ತಲೆ ತಗ್ಗಿಸಿದಳು.

“ಯಾವ ರಾಜ್ಯ? ಯಾವ ಊರು?”

ತಲೆ ಇನ್ನಷ್ಟು ಕೆಳಗಿಳಿಯಿತು. ಅಮರಮ್ಮನ ಮರ ನಿಂತಿತು. ಮತ್ತದೇ ದಾರಿಗೆ ಇಳಿದಿದ್ದೇನೆಂದು ಮುಸರತ್‌ಗೆ ತಿಳಿಯಿತು. ಏನೂ ಗೊತ್ತಿಲ್ಲದ ಮಗುವಿಗೆ ಕಾಲ ಆರಿಸು ಎಂದರೆ ಎಲ್ಲಿಂದ ಆರಿಸಬೇಕು? ಅವಳು ನಾಲಗೆ ಕಚ್ಚಿಕೊಂಡಳು.

“ಅದೆಲ್ಲಾ ಬಿಡು” ಎಂದಳು. “ಇತಿಹಾಸದ ಪಾಠ ಓದುವಾಗ, ಇಲ್ಲಾ ಯಾರರ ಹಳೇದು ಹೇಳುವಾಗ, ‘ಇದು ಖರೇನ ಏನು?’ ಅಂತ ನಿನಗ ಅನ್ನಿಸಿದ್ದು ಒಂದರ ಐತೇನು? ಪುಸ್ತಕದಾಗ ಇರಬೇಕಂತ ಏನಿಲ್ಲ.”

ಮುಸರತ್ ಕಾಯ್ದಳು. ಸುಕನ್ಯಾಳ ಕಣ್ಣು ತಾಯಿಯ ಮರದ ಮೇಲಿತ್ತು.

“ನಮ್ಮಾಯಿ, ಅವ್ವನ ಅವ್ವ, ಸಣ್ಣಾಕಿ ಇದ್ದಾಗ ಹಬ್ಬಕ್ಕಷ್ಟ ಅನ್ನ ಮಾಡ್ತಿದ್ರಂತ್ರಿ. ಅವ್ವ ಹೇಳ್ತಾಳ. ಸುತ್ತ ಕಡಿ ನೋಡಿದ್ರ ಬರೇ ನೆಲ್ಲ ಐತಿ. ಹೆಂಗ ಹಂಗ? ಸುಳ್ಳಿರಬೇಕ್ರಿ.”

“ಯಾಕ ಸುಳ್ಳು ಹೇಳ್ಲಿ?” ಎಂದಳು ಅಮರಮ್ಮ.

ಮುಸರತ್ ಚೀಲದಿಂದ ಪೆನ್ನು ತೆಗೆದಳು. “ಬರಿ. ಇದು ಪ್ರಶ್ನೆ ಆಗತೈತಿ. ಆದ್ರ ಇನ್ನೂ ಅಗಲ ಐತಿ, ಇದನ್ನ ಕತ್ತರಿಸಬೇಕು. ‘ಊಟದ ಇತಿಹಾಸ’ ಅಂದ್ರ ಹತ್ತು ದಿನದಾಗ ಮುಗೀತೈತೇನು?”

“ಇಲ್ರಿ. ಅನ್ನದ್ದಷ್ಟ.”

“ಯಾರ ಅನ್ನ? ಇಡೀ ಜಿಲ್ಲಾದ್ದೇನು?”

“ನಮ್ಮೂರಿಂದ್ರಿ.”

“ಊರಾಗ ಎಷ್ಟು ಮನಿ ಅದಾವು? ಹತ್ತು ದಿನದಾಗ ಎಷ್ಟು ಮಂದಿಗಿ ಹೋಗಿ ಕೇಳಿ ಬರ್ತಿ, ಸಾಲಿ ಬಿಟ್ಟ ಮ್ಯಾಲ?”

ಹುಡುಗಿ ಬೆರಳು ಎಣಿಸಿದಳು. “ನಮ್ಮ ಓಣ್ಯಾಗ ಮುದೇರು ಎಂಟು ಮಂದಿ ಅದಾರ.”

“ಹಂಗಾದ್ರ ನಿಮ್ಮ ಓಣಿ. ಈಗ ‘ಅನ್ನ ಬಂತು’ ಅಂದ್ರ ಏನು? ಹಬ್ಬಕ್ಕ ಮಾಡಿದ್ರೂ ಬಂದಂಗನ?”

“ಅಲ್ರಿ... ದಿನಾ ಒಂದು ಹೊತ್ತರ ಉಂಡ್ರ ಬಂದಂಗ.”

“ಭೇಷ್. ಈಗ ಇನ್ನೊಂದು. ‘ಯಾವಾಗ ಬಂತು’ ಅಂತ ಅಷ್ಟ ಕೇಳಿದ್ರ ಒಂದು ಇಸವಿ ಬರದು ಮುಗಿಸಿಬಿಡ್ತಿ. ಅಷ್ಟು ಸಣ್ಣದೂ ಆಗಬಾರದು. ಎಲ್ಲಿಂದ ಬಂತು? ಯಾಕ ಬಂತು?”

“ಕಾಲುವಿ ನೀರು ಬಂತಲ್ಲರೀ, ಅದಕ್ಕ” ಎಂದಳು ಸುಕನ್ಯಾ.

“ಕಂಟ್ರೋಲ್ ಅಂಗಡ್ಯಾಗಿಂದ” ಎಂದಳು ಅಮರಮ್ಮ ಅದೇ ಉಸಿರಿಗೆ. ಊರವರು ರೇಷನ್ ಅಂಗಡಿಗೆ ಇವತ್ತಿಗೂ ಹಾಗೇ ಅನ್ನುತ್ತಾರೆ.

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಮುಸರತ್‌ಗೆ ಆ ದಿನದಲ್ಲಿ ಮೊದಲ ಸಲ ಸಿಟ್ಟು ಮರೆತುಹೋಯಿತು. “ನೋಡು, ಇಲ್ಲೇ ಇಬ್ಬರದೂ ಎರಡಾತು. ಅದನ್ನ ಕೇಳು ಹೋಗು” ಎಂದಳು.

ಸುಕನ್ಯಾ ನೋಟ್‌ಬುಕ್ಕಿನಲ್ಲಿ ಬರೆದಳು: ‘ನಮ್ಮ ಓಣಿಯ ಮನೆಗಳಲ್ಲಿ ಪ್ರತಿದಿನ ಅನ್ನ ಉಣ್ಣುವುದು ಯಾವಾಗ ಶುರುವಾಯಿತು? ಕಾಲುವೆಯ ನೀರಿನಿಂದಲೋ, ರೇಷನ್ ಅಕ್ಕಿಯಿಂದಲೋ?’

ಮೊದಲ ದಿನ ಕೇಳಲು ಹೋದವಳು ಬರಿಗೈಲಿ ಬಂದಳು. ಓಣಿಯ ತುದಿಯಲ್ಲಿರುವ ಜೋಗಮ್ಮ ಎಂಬ ಮುದುಕಿಯನ್ನು ‘ಯಾವಾಗಿಂದ ಅನ್ನ ಉಣ್ತೀರಿ’ ಎಂದು ಕೇಳಿದರೆ ಅವಳು ‘ಮೊದ್ಲಿಂದ’ ಎಂದಿದ್ದಳಂತೆ. ಮರುದಿನ ಸಂಜೆ ಮುಸರತ್ ಜೊತೆಗೆ ಹೋದಳು, ಆದರೆ ಮಾತು ಹುಡುಗಿಯೇ ಆಡಬೇಕೆಂದು ಕರಾರು ಮಾಡಿಕೊಂಡು.

“ಇಸವಿ ಕೇಳಬ್ಯಾಡ” ಎಂದು ದಾರಿಯಲ್ಲಿ ಹೇಳಿಕೊಟ್ಟಳು. “ಇಸವಿ ಯಾರ ನೆನಪಿನಾಗೂ ಇರಂಗಿಲ್ಲ. ಆಕಿ ಜೀವನದಾಗ ಆದದ್ದು ಒಂದು ಹಿಡ್ಕೋ. ಮದುವಿ, ಬಾಣಂತನ. ಆವಾಗ ಏನು ಉಂಡಿ ಅಂತ ಕೇಳು.”

ಜೋಗಮ್ಮ ಎಂಬತ್ತರ ಹತ್ತಿರದವಳು. ಕಣ್ಣು ಮಂಜಾಗಿತ್ತು, ದನಿ ಮಂಜಾಗಿರಲಿಲ್ಲ.

“ಆಯಿ, ನಿಮ್ಮ ದೊಡ್ಡ ಮಗ ಹುಟ್ಟಿದಾಗ ಬಾಣಂತನಕ್ಕ ಏನು ಉಂಡ್ರಿ?”

“ಏನುಣ್ತಾರ? ಜ್ವಾಳದ ನುಚ್ಚು. ನಮ್ಮತ್ತಿ ಅದಕ್ಕೊಂದೀಟು ಬೆಲ್ಲ ಹಾಕಿ ಕೊಟ್ಟಿದ್ಲು.”

“ಅನ್ನ?”

“ಅನ್ನ ಎಲ್ಲಿಂದು?”

“ಆವಾಗ ಕಾಲುವಿ ಇರಲಿಲ್ಲನು?”

“ಇರಲಾರದೇನು! ನೀರು ಬಂದು ಎಷ್ಟೋ ವರ್ಷ ಆಗಿತ್ತು. ಹೊಟ್ಟ್ಯಾಗ ಕೂಸು ಇಟ್ಕೊಂಡು ನೆಲ್ಲು ಹಚ್ಚಾಕ ಹೋಗಿನಿ ನಾನು. ಮೊಣಕಾಲ ಮಟ ಕೆಸರಾಗ.”

ಸುಕನ್ಯಾಳ ಪೆನ್ನು ನಿಂತಿತು. “ಮತ್ತ... ಹಚ್ಚಿದವ್ರಿಗೆ ಅಕ್ಕಿ ಕೊಡ್ತಿರಲಿಲ್ಲನು?”

“ಯಾರು ಕೊಡ್ತಾರ ಯವ್ವಾ? ಕೂಲಿಗೆ ಜ್ವಾಳ ಅಳೀತಿದ್ರು. ನೆಲ್ಲು ಲಾರಿ ಹತ್ತಿ ಹೋಗ್ತಿತ್ತು. ಕಂಟ್ರೋಲ್ ಅಂಗಡ್ಯಾಗ ಅಗ್ಗದ ಅಕ್ಕಿ ಕೊಡಾಕ ಹತ್ತಿದಾಗ ನನ್ನ ಸಣ್ಣ ಮಗಳ ಮದುವಿ ಆಗಿತ್ತು. ಆವಾಗಿಂದ ದಿನಾ ಅನ್ನ. ನನ್ನ ಗಂಡ ಅದನ್ನ ನೋಡಲಿಲ್ಲ, ಮೊದಲ ಸತ್ತ.”

ಹೀಗೆ ಹೇಳಿ ಮುದುಕಿ, ಚಹಾ ಮಾಡಲೇನು ಎಂದು ಕೇಳಿದಳು. ಹತ್ತೊಂಬತ್ತು ವರ್ಷ ಮುಸರತ್ ಇದೇ ಓಣಿಯ ಮುಂದೆ ಹಾದು ಹೋಗಿದ್ದಳು. ಕಪಾಟಿನಲ್ಲಿ ನಾಲ್ಕು ಸಾವಿರ ಪುಸ್ತಕಗಳಿದ್ದವು, ಇದು ಯಾವುದರಲ್ಲೂ ಇರಲಿಲ್ಲ.

ಮರುದಿನ ಅದೇ ಓಣಿಯ ಪೀರ್‌ಬೀ ಎಂಬ ಮುದುಕಿ ಬೇರೆಯದೇ ಹೇಳಿದಳು. ಅವಳ ಮನೆಯಲ್ಲಿ ನೀರು ಬಂದ ಎರಡನೇ ವರ್ಷದಿಂದಲೇ ಅನ್ನ. ನುಚ್ಚಕ್ಕಿಯದ್ದೇ ಆದರೂ ದಿನವೂ ಅನ್ನ. ಸುಕನ್ಯಾ ಗ್ರಂಥಾಲಯಕ್ಕೆ ಬಂದು ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಡಿದಳು. “ಒಬ್ಬಾಕಿ ಕಾಲುವಿ ಅಂತಾಳ, ಒಬ್ಬಾಕಿ ರೇಷನ್ ಅಂತಾಳ. ಯಾರೋ ಸುಳ್ಳು ಹೇಳಾಕತ್ತಾರ್ರೀ!”

“ಪೀರ್‌ಬೀ ಮನ್ಯಾಗ ಹೊಲ ಇತ್ತೇನು, ಕೇಳಿದ್ಯಾ?”

ಹುಡುಗಿ ನೋಟ್‌ಬುಕ್ಕಿನ ಹಾಳೆ ತಿರುವಿ ಹುಡುಕಿದಳು.

“ಕೇಳಿಲ್ಲ. ನಾನೂ ಹೇಳಿಕೊಟ್ಟಿಲ್ಲ. ಹೋಗು, ಈ ಇಬ್ಬರಿಗೂ ಮತ್ತ ಹೋಗು, ಉಳಿದ ಆರು ಮಂದಿಗೂ ಹೋಗು. ನೀರು ಬಂದಾಗ ಸ್ವಂತ ಹೊಲ ಇತ್ತಾ ಇಲ್ಲಾ, ಇದೊಂದು ಕೇಳ್ಕೊಂಡು ಬಾ.”

ಮೂರು ದಿನಕ್ಕೆ ಉತ್ತರ ಸ್ವಚ್ಛವಾಗಿ ಎರಡು ಪಾಲಾಯಿತು. ಕಾಲುವೆ ಎಂದವರು ಮೂವರು, ಮೂವರಿಗೂ ನೀರು ಹತ್ತುವ ಹೊಲವಿತ್ತು. ರೇಷನ್ ಎಂದವರು ಐವರು, ಐವರಿಗೂ ಇರಲಿಲ್ಲ. ಸುಕನ್ಯಾ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಹೊಲ ಇದ್ದವರಿಗೆ ಮತ್ತು ಇಲ್ಲದವರಿಗೆ ಒಂದೇ ಸಮಯದಲ್ಲಿ ಬಂತೆ?’

ಭಾನುವಾರ ಮುಸರತ್ ತವರಿನ ನೆಪ ಹೇಳಿ ಲಿಂಗಸುಗೂರಿಗೆ ಹೋದಳು. ಅಲ್ಲಿ ಓದುವ ಹುಚ್ಚಿನ ಹಂಪಣ್ಣ ಎಂಬ ನಿವೃತ್ತ ಮಾಸ್ತರರ ಮನೆಯಲ್ಲಿ ಜಿಲ್ಲೆಯ ಬಗ್ಗೆ ಸರ್ಕಾರದವರು ಹಿಂದೆ ಮಾಡಿಸಿದ ದಪ್ಪ ಪುಸ್ತಕವಿತ್ತು. ನೀರಾವರಿಯ ಅಧ್ಯಾಯವನ್ನು ಅಲ್ಲೇ ಕೂತು ಓದಿ ಬೇಕಾದದ್ದನ್ನು ಬರೆದುಕೊಂಡಳು. ಎಷ್ಟು ಎಕರೆಗೆ ನೀರು, ಎಷ್ಟು ಭತ್ತ, ಮೊದಲು ಜೋಳ ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎಲ್ಲವೂ ಇತ್ತು. ಯಾರು ಉಂಡರು ಎಂಬುದು ಇರಲಿಲ್ಲ. ವಾಪಸ್ ಬರುವಾಗ ಮಸ್ಕಿ ದಾಟಿ ಬಸ್ಸು ಗದ್ದೆಗಳ ನಡುವೆ ಇಳಿದಾಗ, ಇಷ್ಟು ವರ್ಷ ಕಣ್ಣಿಗೆ ತಂಪೆನಿಸುತ್ತಿದ್ದ ಆ ಹಸಿರನ್ನು ನೋಡಿ ಅವಳಿಗೆ ಕೆಟ್ಟ ಸಿಟ್ಟು ಬಂತು. ಈ ಸಿಟ್ಟಿಗೆ ಬೈಯಲು ಯಾರೂ ಎದುರಿರಲಿಲ್ಲ. ಪಕ್ಕದಲ್ಲಿ ಕೂತವಳು ‘ತಲೀಶೂಲಿ ಏನ್ರಿ?’ ಎಂದು ಕೇಳಿದಳು.

ಪ್ರಾಜೆಕ್ಟು ಒಂಬತ್ತು ಪುಟವಾಯಿತು. ಸುಕನ್ಯಾ ಅದನ್ನು ಒಬ್ಬಳೇ ಕೊಡಲಾರೆ ಎಂದಳು. ಕ್ಲಾಸಿನ ನಗೆ ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಮುಸರತ್ ಜೊತೆಗೆ ಹೋದಳು, ಅಮರಮ್ಮನೂ ಬಂದಳು.

ಶಿವಪ್ರಸಾದ ಮಸ್ಕಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ, ಮೂವತ್ತೆರಡರ ಮನುಷ್ಯ. ಶಿಕ್ಷಕರ ಕೋಣೆಯಲ್ಲಿ ಅವನ ಮುಂದೆ ಪ್ರಾಜೆಕ್ಟುಗಳ ಮೂರು ಗುಡ್ಡೆಗಳಿದ್ದವು. ಸುಕನ್ಯಾಳ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರ ತಿರುವಿದ.

“ಒಂಬತ್ತ ಪುಟ. ಇಪ್ಪತ್ತು ಹೇಳಿದ್ದೆ.”

“ಇಪ್ಪತ್ತು ಯಾಕ್ರಿ ಸರ್?” ಎಂದಳು ಮುಸರತ್.

“ಏನು?”

“ಇಪ್ಪತ್ತು ಪುಟದಾಗ ನಿಮಗ ಏನು ನೋಡಬೇಕಾಗಿತ್ತು? ಮಕ್ಕಳು ಏನು ಕಲೀಬೇಕಾಗಿತ್ತು? ನನಗ ತಿಳೀಲಿಲ್ಲ, ಅದಕ್ಕ ಕೇಳಾಕತ್ತೀನಿ. ನಿಮ್ಮ ಚೀಟಿ ಹಿಡ್ಕೊಂಡು ನನ್ನ ಹಂತ್ಯಾಕ ಬರ್ತಾರ. ‘ಇತಿಹಾಸ’ ಅಂತ ಬರೀತೀರಿ. ಯಾವುದನ್ನ ಕೊಡ್ಲಿ ನಾನು?”

ಶಿವಪ್ರಸಾದನ ಮುಖ ಕೆಂಪಾಯಿತು. “ಮೇಡಂ, ನೂರಾ ನಲವತ್ತು ಮಕ್ಕಳು ನನಗ. ಮೂರು ಕ್ಲಾಸು. ಒಂದು ಪೋಸ್ಟ್ ಖಾಲಿ ಐತಿ, ಅದೂ ನಾನಾ ನೋಡ್ತೀನಿ. ಮಾರ್ಕ್ಸ್ ಎಲ್ಲಾ ಆನ್‌ಲೈನ್ ಹಾಕ್ಬೇಕು. ನಿನ್ನಿ ತನಕ ವೋಟರ್ ಲಿಸ್ಟ್ ಹಿಡ್ಕೊಂಡು ಮನಿ ಮನಿ ತಿರುಗೀನಿ. ಒಬ್ಬೊಬ್ಬರನ್ನ ಕುಂದ್ರಿಸಿಕೊಂಡು ‘ನಿನಗ ಯಾವ ಇತಿಹಾಸ ಬೇಕವಾ’ ಅಂತ ಕೇಳಾಕ ನನಗ ಟೈಮ್ ಎಲ್ಲೈತ್ರಿ?”

“‘ಎಲ್ಲಿ ಕ್ಲಿಕ್ ಮಾಡ್ಲಿ’ ಅಂತ ಕೇಳಾಕ ಟೈಮ್ ಇತ್ತಲ್ಲ, ಸರ್?”

ಕೋಣೆಯಲ್ಲಿದ್ದ ಉಳಿದ ಶಿಕ್ಷಕರು ತಮ್ಮ ತಮ್ಮ ಪುಸ್ತಕಗಳಿಗೆ ಮುಖ ಹಾಕಿದರು. ಶಿವಪ್ರಸಾದ ಏನೋ ಹೇಳಲು ಹೋಗಿ, ಅಮರಮ್ಮನನ್ನು ನೋಡಿ ನಿಲ್ಲಿಸಿದ. ಅವಳು ಅವನನ್ನೇ ನೋಡುತ್ತಿದ್ದಳು. ಕೈಗೆ ಬೇರೆ ಕೆಲಸವಿಲ್ಲದೆ ಅವನು ಹಾಳೆಗಳನ್ನು ಮತ್ತೆ ಎತ್ತಿಕೊಂಡ. ಈ ಸಲ ಓದಿದ.

ನಿಂತೇ ಎರಡು ಪುಟ ಓದಿದ. ಮೂರನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂತ.

“ಈ ಜೋಗಮ್ಮ ಯಾರು?”

“ನಮ್ಮ ಓಣ್ಯಾಕಿ ಸರ್” ಎಂದಳು ಸುಕನ್ಯಾ.

“ನೀನಾ ಕೇಳಿದ್ಯಾ ಇದನ್ನ? ಈ ಬಾಣಂತನದ್ದು?”

“ಹೌದ್ರಿ ಸರ್.”

“ಎಂಟು ಮಂದಿ ಮಾತು ಕೇಳಿ ಇಡೀ ತಾಲೂಕಿಗೆ ಹೀಂಗ ಆಗಿತ್ತು ಅನ್ನಾಕ ಬರಂಗಿಲ್ಲ.”

“ನಾನು ತಾಲೂಕಿಂದು ಅಂದಿಲ್ರಿ. ನಮ್ಮ ಓಣಿ ಅಂತ ಮೊದಲ ಬರದೀನಿ, ಅಲ್ಲಿ ನೋಡ್ರಿ.” ಹುಡುಗಿ ಮುಂದೆ ಬಂದು ಮೊದಲ ಪುಟಕ್ಕೆ ಬೆರಳಿಟ್ಟಳು. “ಉಳಿದ ಓಣಿದು ನನಗ ಗೊತ್ತಿಲ್ಲ ಅಂತನೂ ಕಡೀ ಪುಟದಾಗ ಬರದೀನ್ರಿ.”

ಶಿವಪ್ರಸಾದ ಕೊನೆಯ ಪುಟ ತಿರುವಿ ನೋಡಿದ. ಇತ್ತು. ಹಾಳೆಗಳನ್ನು ಕೆಳಗಿಟ್ಟು, “ಸರಿ, ಬಿಟ್ಟು ಹೋಗ್ರಿ” ಎಂದ. ಕ್ಷಮೆ ಕೇಳಲಿಲ್ಲ.

ಹತ್ತಕ್ಕೆ ಎಂಟು ಅಂಕ ಬಂತು. ಎರಡು ಹೋದದ್ದು ಪುಟ ಕಡಿಮೆ ಇದ್ದುದಕ್ಕೆ ಮತ್ತು ಚಿತ್ರ ಅಂಟಿಸದೆ ಇದ್ದುದಕ್ಕೆ. ಅಂಗಡಿಯ ಪುಟಗಳನ್ನು ತಂದು ಸಿಕ್ಕಿಬೀಳದ ಹನ್ನೊಂದು ಮಕ್ಕಳಲ್ಲಿ ನಾಲ್ವರಿಗೆ ಒಂಬತ್ತು. ಇದು ಕೇಳಿ ಮುಸರತ್ ಗ್ರಂಥಾಲಯದ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಬೋರ್ಡು ಓರೆಯಾಯಿತು. ಮತ್ತೆ ಶಾಲೆಗೆ ಹೊರಟವಳನ್ನು ತಡೆದದ್ದು ಸುಕನ್ಯಾ.

“ಬಿಡ್ರಿ ಮೇಡಂ. ಸರ್ ಕ್ಲಾಸಿನಾಗ ಓದಿದ್ರು.”

“ಏನು?”

“ನಂದು. ಎಲ್ಲಾರ ಮುಂದ. ಜೋಗಮ್ಮನ ಮಾತು ಓದಿದ್ರು. ಯಾರೂ ನಗಲಿಲ್ರಿ.”

ಮುಂದಿನ ಸಲ ಚೀಟಿಗಳು ಬಂದಾಗ ಪುಟದ ಲೆಕ್ಕ ಹಾಗೇ ಇತ್ತು. ಆದರೆ ‘ಇತಿಹಾಸ’ ಎಂಬುದರ ಕೆಳಗೆ ಶಿವಪ್ರಸಾದ ಕೈಯಿಂದಲೇ ಮೂರು ಖಾಲಿ ಸಾಲು ಎಳೆದಿದ್ದ: ಎಲ್ಲಿಯದು, ಯಾವಾಗಿನದು, ಯಾರದು. ಬಹಳ ಮಕ್ಕಳು ಅದನ್ನು ಖಾಲಿಯೇ ತಂದರು. ಮುಸರತ್ ಹಲ್ಲು ಕಚ್ಚಿಕೊಂಡು ಒಬ್ಬೊಬ್ಬರನ್ನು ಎದುರಿಗೆ ಕೂಡಿಸಿಕೊಂಡಳು. ಮೊದಲ ಪ್ರಶ್ನೆ ಆ ಮೂರರಲ್ಲಿ ಯಾವುದೂ ಆಗಿರುತ್ತಿರಲಿಲ್ಲ, ‘ಇದು ಖರೇನ ಏನು?’ ಎಂದು ಅನ್ನಿಸಿದ್ದು ಏನಾದರೂ ಇದೆಯೇ ಎಂಬುದಾಗಿರುತ್ತಿತ್ತು. ಬೈಗುಳ ಪೂರ್ತಿ ನಿಂತಿತು ಎಂದೇನಲ್ಲ. ಪೇಪರ್ ಓದುವ ಗಂಡಸರು ಯಾರಾದರೂ ನಕ್ಕರೆ ಅದು ಅವರ ಕಡೆಗೆ ತಿರುಗುತ್ತಿತ್ತು.

ಅಂಕ ಬಂದ ವಾರವೇ ಸುಕನ್ಯಾ ಒಂಬತ್ತು ಪುಟಗಳನ್ನು ಒಯ್ದು ಜೋಗಮ್ಮನಿಗೆ ಓದಿ ಹೇಳಿದಳು. ಮುಸರತ್ ಹೊಸ್ತಿಲಲ್ಲಿ ಕೂತಿದ್ದಳು. ಮುದುಕಿ ಗೋಡೆಗೆ ಬೆನ್ನು ಕೊಟ್ಟು ಅಲ್ಲಾಡದೆ ಕೇಳಿದಳು. ಕೂಲಿಗೆ ಜೋಳ ಅಳೆಯುತ್ತಿದ್ದ ಭಾಗ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

“ಅಳೀತಿದ್ರು ಅಂತ ಅಷ್ಟ ಬರದೀಯೇನು?”

“ಹೌದು ಆಯಿ. ನೀವು ಹಂಗ ಅಂದಿದ್ರಿ.”

“ಹೆಂಗ ಅಳೀತಿದ್ರು ಅಂತ ನೀ ಕೇಳಲೇ ಇಲ್ಲ.” ಮುದುಕಿಯ ದನಿ ಏರಿತು. ಅವಳು ಎದ್ದು ಕೂತು, ಇಲ್ಲದ ಸೇರೊಂದನ್ನು ಗಾಳಿಯಲ್ಲಿ ಹಿಡಿದು, ಅದರ ಬಾಯಿಯ ಮೇಲೆ ಅಂಗೈಯನ್ನು ಒತ್ತಿ ಎಳೆದು ತೋರಿಸಿದಳು. “ಹೀಂಗ. ನಾವು ಸಾಲದ ಕಾಳು ತಿರುಗಿ ಕೊಡಬೇಕಾದಾಗ ಗುಡ್ಡಿ ಹಾಕಿ ತಗೋತಿದ್ರು, ನಮಗ ಕೊಡುವಾಗ ಹೀಂಗ ಕೈಯಾಡಿಸ್ತಿದ್ರು. ಕಾಳು ಬಾಯಿಗಿಂತ ಇಷ್ಟು ಒಳಗ ಇಳೀತಿತ್ತು. ಬರಿ ಅದನ್ನ.”

ಸುಕನ್ಯಾ ಪೆನ್ನಿನ ಮುಚ್ಚಳ ತೆಗೆದಳು. ಬರೆಯುವ ಮೊದಲು ತಲೆ ಎತ್ತಿ, “ಕೈಯಾಡಿಸ್ತಿದ್ದವ್ರು ಯಾರು, ಆಯಿ?” ಎಂದು ಕೇಳಿದಳು.